ಊರಿಗೆ ಕಳಿಸಿದ ಮಿಕ್ಸಿಯೂ ಅನುಮಾನದ ಕೆಂಪು ಬಾವುಟವೂ

ನಮ್ಮಂಥ ಹೊರನಾಡಿನವರ ಆನ್‌ಲೈನ್ ಖರೀದಿಗೆ ಒಂದು ಲಕ್ಷಣವಿದೆ. ದುಡ್ಡು ಕೊಡುವ ಕಾರ್ಡು ಡೊಂಬಿವಲಿಯದು, ಸಾಮಾನು ಹೋಗುವುದು ಹುಬ್ಬಳ್ಳಿಗೋ ಉಡುಪಿಗೋ. ಕಾರ್ಡಿನ ಮೇಲೆ ಮಗನ ಹೆಸರು, ಪಾರ್ಸೆಲ್ ಮೇಲೆ ಅಮ್ಮನ ಹೆಸರು. ಆರ್ಡರ್ ಮಾಡುವುದು ರಾತ್ರಿ ಹನ್ನೊಂದಕ್ಕೆ, ಯಾಕಂದರೆ ಲೋಕಲ್ ಟ್ರೇನಿನಿಂದ ಇಳಿದು ಮನೆ ಸೇರಿ ಊಟ ಮುಗಿಸುವ ಹೊತ್ತಿಗೆ ಅಷ್ಟಾಗಿರುತ್ತದೆ.

ಈಗ ಇದನ್ನೇ ಅಂಗಡಿಯವನ ಕಣ್ಣಿನಿಂದ ನೋಡಿ. ಬಿಲ್ಲಿನ ವಿಳಾಸ ಒಂದು, ಸಾಮಾನು ಮುಟ್ಟಿಸುವ ವಿಳಾಸ ಇನ್ನೊಂದು. ಹೆಸರೂ ಬೇರೆ. ಹೊತ್ತಲ್ಲದ ಹೊತ್ತು. ಆನ್‌ಲೈನ್ ವ್ಯಾಪಾರದ ಯಾವ ಪಾಠ ತೆಗೆದರೂ "ಅನುಮಾನಾಸ್ಪದ ಆರ್ಡರಿನ ಲಕ್ಷಣಗಳು" ಎಂಬ ಪಟ್ಟಿಯಲ್ಲಿ ಮೊದಲ ಸಾಲುಗಳು ಇವೇ. ಅಂದರೆ, ನಾವೆಲ್ಲ ಹುಟ್ಟಾ ಅನುಮಾನಾಸ್ಪದರು!

ನಗುವ ಮಾತಲ್ಲ ಇದು. ನಾನು ಹನ್ನೊಂದು ವರ್ಷಗಳಿಂದ ಭಿವಂಡಿಯ ಒಂದು ಗೋದಾಮಿನಲ್ಲಿ ಆರ್ಡರ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಕುಕ್ಕರು, ಮಿಕ್ಸಿ, ಇಡ್ಲಿ ಪಾತ್ರೆ, ಸ್ಟೀಲ್ ಡಬ್ಬಿ, ಹೀಗೆ ಅಡುಗೆಮನೆಯ ಸಾಮಾನು ನಮ್ಮದು. ದಿನಾ ಬೆಳಿಗ್ಗೆ ಬಂದು ಮೊದಲು ತೆರೆಯುವುದು ಕೆಂಪು ಗುರುತು ಬಿದ್ದ ಆರ್ಡರುಗಳ ಪಟ್ಟಿಯನ್ನು. ಯಾವುದನ್ನು ಕಳಿಸಬೇಕು, ಯಾವುದನ್ನು ತಡೆಯಬೇಕು ಎಂದು ನಿರ್ಧರಿಸಬೇಕು. ತಪ್ಪಿದರೆ ಒಂದೋ ಅಂಗಡಿಗೆ ನಷ್ಟ, ಇಲ್ಲವೋ ಯಾರದೋ ಅಮ್ಮನಿಗೆ ಹಬ್ಬಕ್ಕೆ ಬರಬೇಕಾದ ಮಿಕ್ಸಿ ಬರುವುದಿಲ್ಲ. ಇಷ್ಟು ವರ್ಷ ಈ ಪಟ್ಟಿ ನೋಡಿದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ ಒಂದೇ: ಕೆಂಪು ಗುರುತು ಎಂದರೆ ಅಂಗಡಿ ಕೇಳಬೇಕಾದ ಪ್ರಶ್ನೆ, ಅಂಗಡಿ ಕೊಡುವ ತೀರ್ಪಲ್ಲ. ಬಹಳ ಅಂಗಡಿಗಳು ಅದನ್ನು ತೀರ್ಪು ಮಾಡಿಕೊಂಡಿವೆ. ಅದರ ಪೆಟ್ಟು ಕಳ್ಳರಿಗಿಂತ ಹೆಚ್ಚು ನಮ್ಮಂಥವರಿಗೇ ಬೀಳುತ್ತಿದೆ.

ಮೊದಲು ವಿಳಾಸದ ವಿಷಯ.

ಬಿಲ್ಲಿನ ವಿಳಾಸವೂ ತಲುಪಿಸುವ ವಿಳಾಸವೂ ಬೇರೆಯಾದರೆ ಅನುಮಾನಪಡು ಎಂಬ ನಿಯಮ ಹುಟ್ಟಿದ್ದು ಅಮೆರಿಕದ ಕಡೆಯಲ್ಲಿ. ಅಲ್ಲಿ ಗ್ರಾಹಕ ಬರೆದ ಮನೆ ನಂಬರನ್ನೂ ಅಂಚೆ ಸಂಖ್ಯೆಯನ್ನೂ ಕಾರ್ಡು ಕೊಟ್ಟ ಬ್ಯಾಂಕು ತನ್ನ ದಾಖಲೆಯ ಜೊತೆ ಹೋಲಿಸಿ, ಹೊಂದುತ್ತದೋ ಇಲ್ಲವೋ ಎಂದು ಅಂಗಡಿಗೆ ಹೇಳುತ್ತದೆ. ಕದ್ದ ಕಾರ್ಡಿನ ನಂಬರ್ ಇದ್ದವನಿಗೆ ಅದರ ಒಡೆಯನ ಮನೆ ವಿಳಾಸ ಗೊತ್ತಿರಲಿಕ್ಕಿಲ್ಲ ಎಂಬುದು ಅದರ ಲೆಕ್ಕಾಚಾರ. ಅಲ್ಲಿ ಅದಕ್ಕೊಂದು ಅರ್ಥವಿದೆ.

ನಮ್ಮ ದೇಶದ ಬ್ಯಾಂಕಿನ ಕಾರ್ಡಿಗೆ ಈ ಪದ್ಧತಿ ರೂಢಿಯಲ್ಲಿಲ್ಲ. ನೀವು ಬಿಲ್ಲಿನ ವಿಳಾಸ ಎಂದು ಏನು ಬರೆದರೂ ಅದನ್ನು ಬ್ಯಾಂಕಿನ ದಾಖಲೆಯ ಜೊತೆ ಯಾರೂ ಹೋಲಿಸುವುದಿಲ್ಲ. ನಮ್ಮಲ್ಲಿ ಆ ಕೆಲಸಕ್ಕೆ ಬೇರೆಯೇ ಬೀಗ ಇದೆ. ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡು ಪಾವತಿಗೆ ಎರಡನೆಯ ಹಂತದ ದೃಢೀಕರಣ ಕಡ್ಡಾಯ ಮಾಡಿತು. ಮೊದಲು ಪಾಸ್‌ವರ್ಡ್ ಇತ್ತು, ಆಮೇಲೆ ಮೊಬೈಲಿಗೆ ಬರುವ ಓಟಿಪಿಯೇ ರೂಢಿಯಾಯಿತು. ಕಾರ್ಡಿನ ನಂಬರೊಂದನ್ನೇ ಕದ್ದವನಿಗೆ ನಮ್ಮ ಅಂಗಡಿಗಳಲ್ಲಿ ಸಾಮಾನು ಕೊಳ್ಳುವುದು ಕಷ್ಟ.

ಹಾಗಾದರೆ ನಮ್ಮಲ್ಲಿ ವಿಳಾಸ ಬೇರೆಯಾಗಿರುವುದರಿಂದ ಏನು ತಿಳಿಯುತ್ತದೆ? ಕೊಂಡವನು ಒಂದು ಕಡೆ ಇದ್ದಾನೆ, ಬಳಸುವವರು ಇನ್ನೊಂದು ಕಡೆ ಇದ್ದಾರೆ ಎಂದು. ಅಷ್ಟೇ. ಊರಲ್ಲಿ ಅಪ್ಪ ಅಮ್ಮ ಇದ್ದು, ಮುಂಬಯಿಯಲ್ಲೋ ಪುಣೆಯಲ್ಲೋ ಚೆನ್ನೈಯಲ್ಲೋ ಮಕ್ಕಳು ದುಡಿಯುವ ದೇಶದಲ್ಲಿ ಇದು ಮಾಮೂಲಿ ಸಂಗತಿ. ಗೌರಿ ಗಣೇಶ ಹತ್ತಿರ ಬಂದಾಗ, ದೀಪಾವಳಿಗೆ ಮುಂಚೆ, ನಮ್ಮ ಗೋದಾಮಿನಿಂದ ಕರ್ನಾಟಕಕ್ಕೆ ಹೋಗುವ ಮಿಕ್ಸಿಗಳನ್ನು ನೋಡಬೇಕು ನೀವು. ಹಣ ಕೊಟ್ಟದ್ದು ಠಾಣೆ, ಚಿಂಚವಡ, ನವಿ ಮುಂಬಯಿ. ಹೋಗುವುದು ದಾವಣಗೆರೆ, ಕುಂದಾಪುರ, ಬಾಗಲಕೋಟೆ. ಇವೆಲ್ಲಕ್ಕೂ ಕೆಂಪು ಗುರುತು ಹಾಕುತ್ತಾ ಕೂತರೆ ನಿಜವಾದ ಕಳ್ಳ ಆ ಗುಂಪಿನಲ್ಲೇ ಅಡಗಿ ಹೋಗುತ್ತಾನೆ.

ಆದರೆ ವಿಳಾಸ ನೋಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಎರಡು ವಿಳಾಸಗಳನ್ನು ಪರಸ್ಪರ ಹೋಲಿಸುವ ಬದಲು ಒಂದು ವಿಳಾಸವನ್ನು ಅದರೊಳಗೇ ಹೊಂದಿಸಿ ನೋಡಬೇಕು. ಊರು ಹುಬ್ಬಳ್ಳಿ ಎಂದು ಬರೆದು ಪಿನ್‌ಕೋಡ್ 576101 ಹಾಕಿದ್ದರೆ ಅದು ಉಡುಪಿಯ ಪಿನ್. ಇದು ಕೈತಪ್ಪಿ ಆಗಿರಬಹುದು, ಬೇಕಂತಲೇ ಹಾಕಿದ್ದೂ ಇರಬಹುದು. ಎರಡರಲ್ಲಿ ಯಾವುದಾದರೂ ಪಾರ್ಸೆಲ್ ತಲುಪುವುದಿಲ್ಲ, ಹಾಗಾಗಿ ಕೇಳುವುದು ನ್ಯಾಯ. ಮನೆ ನಂಬರಿಲ್ಲ, ಬೀದಿಯ ಹೆಸರಿಲ್ಲ, "ಬಸ್ ಸ್ಟ್ಯಾಂಡ್ ಹತ್ತಿರ" ಎಂದಷ್ಟೇ ಇದ್ದರೆ? ಹಳ್ಳಿಯ ವಿಳಾಸ ಬಹಳ ಸಲ ಹಾಗೇ ಇರುತ್ತದೆ, ಅಂಚೆಯವನಿಗೆ ಹೆಸರು ಹೇಳಿದರೆ ಸಾಕು. ಆದರೆ ದೊಡ್ಡ ಪಟ್ಟಣದ ವಿಳಾಸ ಹಾಗಿದ್ದರೆ ಒಂದು ಫೋನು ಮಾಡಬೇಕು. ಇನ್ನೊಂದು, ಒಂದೇ ಫೋನ್ ನಂಬರಿನಿಂದ ಒಂದು ವಾರದಲ್ಲಿ ನಾಲ್ಕು ಬೇರೆ ಹೆಸರು, ನಾಲ್ಕು ಬೇರೆ ವಿಳಾಸ ಬಂದರೆ ನಾನು ಖಂಡಿತ ನಿಲ್ಲಿಸಿ ನೋಡುತ್ತೇನೆ.

ಈಗ ಕಾರ್ಡಿನ ಕಡೆ ಬರೋಣ. "ಮೂರು ಸಲ ಕಾರ್ಡು ಫೇಲಾದರೆ ಆರ್ಡರ್ ತಡೆ" ಎಂಬ ನಿಯಮ ಬಹಳ ಕಡೆ ಇದೆ. ಎಷ್ಟು ಸಲ ಎಂದು ಎಣಿಸುವುದು ಸುಲಭ, ಯಾಕೆ ಎಂದು ನೋಡುವುದಕ್ಕೆ ತಾಳ್ಮೆ ಬೇಕು. ಹಾಗಾಗಿ ಎಣಿಕೆಯೇ ಗೆದ್ದಿದೆ.

ಪಾವತಿ ವಿಫಲವಾದಾಗ ಅಂಗಡಿಯ ಪರದೆಯಲ್ಲಿ ಸಾಮಾನ್ಯವಾಗಿ ಒಂದು ಕಾರಣವೂ ಬರುತ್ತದೆ. ಓಟಿಪಿ ತಪ್ಪು, ಸಮಯ ಮೀರಿತು, ಖಾತೆಯಲ್ಲಿ ಹಣ ಸಾಲದು, ಕಾರ್ಡಿನ ಅವಧಿ ತಪ್ಪು, ಹಿಂಬದಿಯ ಮೂರಂಕಿ ತಪ್ಪು, ಬ್ಯಾಂಕು ನಿರಾಕರಿಸಿತು, ಹೀಗೆ. ಜೊತೆಗೆ ಕಾರ್ಡಿನ ಕೊನೆಯ ನಾಲ್ಕು ಅಂಕಿ, ಬ್ಯಾಂಕಿನ ಹೆಸರು, ಅದು ಯಾವ ದೇಶದ್ದು ಎನ್ನುವುದೂ ಕಾಣುತ್ತದೆ. ಪೂರ್ತಿ ನಂಬರ್ ನಮಗೆ ಕಾಣುವುದಿಲ್ಲ. 2022ರ ಅಕ್ಟೋಬರಿನಿಂದ ನಮ್ಮ ದೇಶದ ಕಾರ್ಡುಗಳ ನಂಬರನ್ನು ಅಂಗಡಿಗಳು ಇಟ್ಟುಕೊಳ್ಳುವಂತೆಯೂ ಇಲ್ಲ. ಆದರೆ ಕಾಣುವಷ್ಟರಲ್ಲೇ ಕಥೆ ಇದೆ.

ಒಂದೇ ಕಾರ್ಡು, ಒಂದೇ ಮೊತ್ತ, ನಾಲ್ಕು ಸಲ ವಿಫಲ, ಕಾರಣ ಓಟಿಪಿಯ ಸಮಯ ಮೀರಿದ್ದು. ಇದು ಸಿಗ್ನಲ್ ಸಿಗದ ಮನೆಯಲ್ಲಿ ಕೂತ ಬಡಪಾಯಿ. ಒಂದೇ ಕಾರ್ಡು, ಮೂರು ಸಲವೂ ಬ್ಯಾಂಕಿನ ನಿರಾಕರಣೆ. ಇದು ಹೊಸ ಕಾರ್ಡು ಬಂದ ನಿವೃತ್ತ ಮೇಷ್ಟ್ರು ಇರಬಹುದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2020ರ ಅಕ್ಟೋಬರಿನಿಂದ ಹೊಸ ಕಾರ್ಡುಗಳು ಮೊದಲಿಗೆ ಎಟಿಎಮ್ಮಿನಲ್ಲಿ ಮತ್ತು ಅಂಗಡಿಯಲ್ಲಿ ಉಜ್ಜುವ ಯಂತ್ರದಲ್ಲಿ ಮಾತ್ರ ನಡೆಯುತ್ತವೆ. ಆನ್‌ಲೈನ್ ಬಳಕೆಯನ್ನು ಗ್ರಾಹಕನೇ ಬ್ಯಾಂಕಿನ ಆಪಿನಲ್ಲೋ ಬೇರೆ ದಾರಿಯಲ್ಲೋ ತೆರೆದುಕೊಳ್ಳಬೇಕು. ಗೊತ್ತಿಲ್ಲದವರು ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ, ಪ್ರತಿ ಸಲವೂ ಬ್ಯಾಂಕು ಬೇಡ ಅನ್ನುತ್ತದೆ. ಅಂಥವರನ್ನು ಕಳ್ಳರ ಪಟ್ಟಿಗೆ ಸೇರಿಸುವುದು ಅನ್ಯಾಯ ಅಲ್ಲವೇ?

ನಿಜವಾದ ಅಪಾಯದ ಚಿತ್ರ ಬೇರೆ. ಒಂದು ರಾತ್ರಿ ನಮಗೆ ಬಂದದ್ದನ್ನೇ ಹೇಳುತ್ತೇನೆ. ಒಂಬತ್ತು ನಿಮಿಷದಲ್ಲಿ ಎಂಟು ಪ್ರಯತ್ನ. ಕೊನೆಯ ನಾಲ್ಕು ಅಂಕಿ ನೋಡಿದರೆ ಐದು ಬೇರೆ ಬೇರೆ ಕಾರ್ಡು, ಐದೂ ಹೊರದೇಶದ ಬ್ಯಾಂಕಿನವು. ಮೊದಲ ಪ್ರಯತ್ನ ಒಂದು ದೊಡ್ಡ ಗ್ರೈಂಡರಿಗೆ, 14 ಸಾವಿರ ಚಿಲ್ಲರೆ. ಆಮೇಲೆ ಮಿಕ್ಸಿ. ಆಮೇಲೆ ತವಾ. ಕೊನೆಗೆ 399 ರೂಪಾಯಿಯ ಸೌಟಿನ ಸೆಟ್ಟು. ಕಾರಣಗಳಲ್ಲಿ ಹಿಂಬದಿಯ ಮೂರಂಕಿ ತಪ್ಪು, ಅವಧಿ ತಪ್ಪು, ಬ್ಯಾಂಕಿನ ನಿರಾಕರಣೆ ಎಲ್ಲವೂ ಇದ್ದವು. ಎಂಟನೆಯದು ಮಾತ್ರ ಯಶಸ್ವಿ, ಆ ಸೌಟಿನದು.

ಸೌಟಿಗಾಗಿ ಯಾರೂ ಐದು ವಿದೇಶಿ ಕಾರ್ಡು ಉಜ್ಜುವುದಿಲ್ಲ. ಅವನಿಗೆ ಬೇಕಾದದ್ದು ಸೌಟಲ್ಲ. ಕೈಯಲ್ಲಿರುವ ಕದ್ದ ನಂಬರುಗಳಲ್ಲಿ ಯಾವುದು ಇನ್ನೂ ಜೀವಂತವಾಗಿದೆ ಎಂದು ನಮ್ಮ ಅಂಗಡಿಯಲ್ಲಿ ಉಜ್ಜಿ ನೋಡುತ್ತಿದ್ದ. ಹೊರದೇಶದ ಕಾರ್ಡುಗಳಿಗೆ ನಮ್ಮ ಓಟಿಪಿಯ ಬೀಗ ಕಡ್ಡಾಯವಲ್ಲ, ಕೆಲವು ಹಾಗೆಯೇ ದಾಟಿಬಿಡುತ್ತವೆ. ಅದಕ್ಕೇ ವಿದೇಶಿ ಕಾರ್ಡು ತೆಗೆದುಕೊಳ್ಳುವ ಸಣ್ಣ ಅಂಗಡಿಗಳು ಇಂಥವರಿಗೆ ಪ್ರೀತಿ.

ಇಲ್ಲಿ "ಮೂರು ಸಲ ಫೇಲು" ಎಂಬ ನಿಯಮ ಅರ್ಧ ಮಾತ್ರ ಕೆಲಸ ಮಾಡುತ್ತದೆ. ಪ್ರತಿ ಕಾರ್ಡಿಗೂ ಲೆಕ್ಕ ಹೊಸದಾಗಿ ಶುರುವಾದರೆ ಅವನು ಸಿಕ್ಕಿಬೀಳುವುದೇ ಇಲ್ಲ. ಎಣಿಸಬೇಕಾದದ್ದು ಒಂದೇ ಗ್ರಾಹಕನಿಂದ, ಒಂದೇ ಫೋನಿನಿಂದ ಎಷ್ಟು ಬೇರೆ ಕಾರ್ಡು ಬಂದವು ಎನ್ನುವುದನ್ನು. ಮೊತ್ತ ಇಳಿಯುತ್ತಾ ಹೋಯಿತೇ ಎನ್ನುವುದನ್ನೂ ನೋಡಬೇಕು. ನಮ್ಮ ಅಣ್ಣ ತಮ್ಮಂದಿರು ಹೆಚ್ಚೆಂದರೆ ತಮ್ಮ ಕಾರ್ಡು, ಹೆಂಡತಿಯ ಕಾರ್ಡು, ಆಮೇಲೆ ಯುಪಿಐ. ಮೊತ್ತ ಮಾತ್ರ ಅದೇ ಇರುತ್ತದೆ, ಯಾಕಂದರೆ ಅವರಿಗೆ ನಿಜಕ್ಕೂ ಆ ಮಿಕ್ಸಿಯೇ ಬೇಕು.

ಸೌಟಿನ ಆರ್ಡರನ್ನು ಕಳಿಸಲಿಲ್ಲ, ಅದು ಸರಿಯೇ. ಆದರೆ ಬರೀ ಕಳಿಸದೆ ಕೂತರೆ ಸಾಲದು. 399 ರೂಪಾಯಿಯನ್ನು ಅದೇ ದಿನ ಅದೇ ಕಾರ್ಡಿಗೆ ವಾಪಸ್ ಮಾಡಿದೆವು. ಯಾಕಂದರೆ ಆ ಕಾರ್ಡಿನ ಒಡೆಯ, ಯಾವ ದೇಶದವನೋ ಏನೋ, ತಿಂಗಳ ಕೊನೆಗೆ ತನ್ನ ಲೆಕ್ಕ ನೋಡಿ "ಇದು ನಾನು ಮಾಡಿದ್ದಲ್ಲ" ಎಂದು ಬ್ಯಾಂಕಿಗೆ ದೂರು ಕೊಡುತ್ತಾನೆ. ಆಗ ಹಣ ನಮ್ಮ ಖಾತೆಯಿಂದ ಹಿಂದಕ್ಕೆ ಹೋಗುತ್ತದೆ. ಇದಕ್ಕೇ ಚಾರ್ಜ್‌ಬ್ಯಾಕ್ ಎನ್ನುವುದು. ಅದರ ಮೇಲೆ ಶುಲ್ಕವೂ ಬೀಳಬಹುದು, ಕಾಗದಪತ್ರದ ತಲೆನೋವು ಬೇರೆ. ಇಂಥವು ಹೆಚ್ಚಾದರೆ ಪಾವತಿ ಸೇವೆ ಕೊಡುವ ಕಂಪನಿಯೇ ಅಂಗಡಿಯನ್ನು ಅನುಮಾನದಿಂದ ನೋಡತೊಡಗುತ್ತದೆ. ನಾವೇ ಮೊದಲು ವಾಪಸ್ ಮಾಡಿದರೆ ದೂರಿಗೆ ಕಾರಣವೇ ಉಳಿಯುವುದಿಲ್ಲ.

ಅಂದ ಹಾಗೆ, ಪಾವತಿ ಒಂದೇ ಏಟಿಗೆ ಯಶಸ್ವಿಯಾದರೆ ಅದು ಸಾಚಾ ಅಂತಲೂ ಅಲ್ಲ. ಬ್ಯಾಂಕಿನವರ ಸೋಗು ಹಾಕಿ ಯಾರಿಂದಲೋ ಓಟಿಪಿ ಹೇಳಿಸಿಕೊಂಡು ಮಾಡಿದ ಪಾವತಿ ಅಂಗಡಿಯ ಪರದೆಯಲ್ಲಿ ಹಾಲಿನಷ್ಟು ಶುಭ್ರವಾಗಿ ಕಾಣುತ್ತದೆ. ಒಂದೂ ವಿಫಲ ಪ್ರಯತ್ನ ಇರುವುದಿಲ್ಲ. ಎಣಿಕೆಯ ನಿಯಮಕ್ಕೆ ಅದು ಕಾಣುವುದೇ ಇಲ್ಲ. ಮೊಬೈಲು, ಚಿನ್ನದ ನಾಣ್ಯ, ಗಿಫ್ಟ್ ವೋಚರಿನಂತೆ ತಕ್ಷಣ ಮಾರಿ ದುಡ್ಡು ಮಾಡಬಹುದಾದ ವಸ್ತುಗಳ ಅಂಗಡಿಗಳಿಗೆ ಈ ಕಾಟ ಹೆಚ್ಚು. ಕದ್ದ ದುಡ್ಡಿನಿಂದ ಇಡ್ಲಿ ಪಾತ್ರೆ ಕೊಳ್ಳುವವರು ಕಡಿಮೆ!

ಇನ್ನು ಕ್ಯಾಷ್ ಆನ್ ಡೆಲಿವರಿ. ಸಾಮಾನು ಮನೆಗೆ ಬಂದ ಮೇಲೆ ದುಡ್ಡು ಕೊಡುವುದು. 2010ರಲ್ಲಿ ಫ್ಲಿಪ್‌ಕಾರ್ಟ್ ಇದನ್ನು ಶುರು ಮಾಡಿದ ಮೇಲೆ ದೇಶದ ತುಂಬಾ ಹಬ್ಬಿತು. ಕಾರ್ಡಿಲ್ಲದವರಿಗೂ ಆನ್‌ಲೈನ್ ಬಾಗಿಲು ತೆರೆದದ್ದು ಇದೇ. ಆದರೆ ಇಲ್ಲಿ ಆರ್ಡರ್ ಮಾಡುವವನ ಜೇಬಿನಿಂದ ಒಂದು ಪೈಸೆಯೂ ಹೋಗಿರುವುದಿಲ್ಲ. ಅಂಗಡಿಯ ನಿಜವಾದ ನಷ್ಟ ಇರುವುದು ಇಲ್ಲಿಯೇ.

ಒಂದು ಲೆಕ್ಕ ಕೊಡುತ್ತೇನೆ. ದೀಪಾವಳಿಗೆ ಎರಡು ವಾರ ಇತ್ತು. ರಾತ್ರಿ 11.40ಕ್ಕೆ ಒಂದು ಆರ್ಡರ್: ಮೂರು ಲೀಟರಿನ ಕುಕ್ಕರು, 30 ಪೀಸು, ಒಂದಕ್ಕೆ 1,450 ರೂಪಾಯಿ, ಒಟ್ಟು 43,500. ಕ್ಯಾಷ್ ಆನ್ ಡೆಲಿವರಿ. ಫೋನ್ ನಂಬರ್ ನಮ್ಮಲ್ಲಿ ಹೊಸದು. ವಿಳಾಸದಲ್ಲಿ ಊರು ಒಂದು, ಪಿನ್ ಇನ್ನೊಂದು ಜಿಲ್ಲೆಯದು. ಆ ಮಾದರಿಯ ಕುಕ್ಕರು ಗೋದಾಮಿನಲ್ಲಿ ಇದ್ದದ್ದೇ 34.

ಇದನ್ನು ಹಾಗೇ ಕಳಿಸಿದ್ದರೆ ಏನಾಗುತ್ತಿತ್ತು? ಕೊರಿಯರಿನವರು ತೂಕಕ್ಕೆ ಮಾತ್ರವಲ್ಲ, ಡಬ್ಬದ ಗಾತ್ರಕ್ಕೂ ದುಡ್ಡು ಕೇಳುತ್ತಾರೆ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ. ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ಕುಕ್ಕರಿನ ಡಬ್ಬ 35, 22, 20 ಸೆಂಟಿಮೀಟರು. ಭಾಗಿಸಿದರೆ ಮೂರು ಕಿಲೋ ಚಿಲ್ಲರೆ. ಕುಕ್ಕರಿನ ನಿಜವಾದ ತೂಕ ಎರಡೇ ಕಿಲೋ ಆದರೂ ಲೆಕ್ಕಕ್ಕೆ ಮೂರು. ಮೂವತ್ತು ಡಬ್ಬಕ್ಕೆ 92 ಕಿಲೋ. ನಮಗೆ ಸಿಗುವ ದರ ಕಿಲೋಗೆ 30 ರೂಪಾಯಿ ಎಂದರೆ ಹೋಗಲಿಕ್ಕೆ ಸುಮಾರು 2,750. ಬಾಗಿಲಲ್ಲಿ ಯಾರೂ ತೆಗೆದುಕೊಳ್ಳದಿದ್ದರೆ ಬರಲಿಕ್ಕೂ ಅಷ್ಟೇ. ಒಟ್ಟು 5,500. ಒಂದು ಕುಕ್ಕರಿಗೆ ನಮಗೆ ಉಳಿಯುವುದು 120 ರೂಪಾಯಿ. ಅಂದರೆ ಈ ಒಂದು ಹುಸಿ ಆರ್ಡರಿನ ಗುಂಡಿ ಮುಚ್ಚಲು 46 ಕುಕ್ಕರು ಮಾರಬೇಕು. ಅದೂ ಸಾಲದು ಅಂತ, ಸಾಮಾನು ಹೋಗಿ ಬರುವಷ್ಟರಲ್ಲಿ ದೀಪಾವಳಿ ಮುಗಿದಿರುತ್ತದೆ. ಹಬ್ಬಕ್ಕೆ ಕೇಳಿದವರಿಗೆಲ್ಲ "ಸ್ಟಾಕಿಲ್ಲ" ಅಂದಿರುತ್ತೇವೆ. ಪ್ರತಿಸ್ಪರ್ಧಿಯ ಸ್ಟಾಕು ಕಟ್ಟಿಹಾಕಲೆಂದೇ ಹೀಗೆ ಮಾಡುವವರೂ ಉಂಟು ಎಂದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ಗೊತ್ತು.

ಬೆಳಿಗ್ಗೆ ಫೋನು ಮಾಡಿದೆವು, ಸ್ವಿಚ್ ಆಫ್. ಮಧ್ಯಾಹ್ನವೂ ಹಾಗೇ. ಸಂಜೆ ಒಂದು ಮೆಸೇಜು ಕಳಿಸಿದೆವು: ನಿಮ್ಮ ಆರ್ಡರ್ ನಂಬರ್ ಇಂಥದ್ದು, ಪ್ರಮಾಣ ದೊಡ್ಡದಾದ್ದರಿಂದ 5,000 ಮುಂಗಡ ಬೇಕು, ಪಾವತಿಯ ಕೊಂಡಿ ನಿಮ್ಮ ಆರ್ಡರ್ ಪುಟದಲ್ಲೇ ಇದೆ, 48 ಗಂಟೆ ಕಾಯುತ್ತೇವೆ. ಉತ್ತರ ಬರಲಿಲ್ಲ. ಎರಡು ದಿನದ ನಂತರ ಆರ್ಡರ್ ರದ್ದು ಮಾಡಿ ಕುಕ್ಕರುಗಳನ್ನು ಮತ್ತೆ ಮಾರಾಟಕ್ಕೆ ಬಿಟ್ಟೆವು. ಮುಂದಿನ ವಾರ ಅದೇ ಫೋನ್ ನಂಬರಿನಿಂದ ಬೇರೆ ಹೆಸರಿನಲ್ಲಿ 25 ತವಾಗಳಿಗೆ ಆರ್ಡರ್ ಬಂತು. ಆಗ ಉಳಿದಿದ್ದ ಕೊಂಚ ಸಂಶಯವೂ ಹೋಯಿತು.

ಇಷ್ಟು ಕೇಳಿದ ಮೇಲೆ "ಹತ್ತಕ್ಕಿಂತ ಹೆಚ್ಚು ಪೀಸು ಬಂದರೆ ರದ್ದು" ಎಂದು ನಿಯಮ ಬರೆಯಬೇಕು ಅನ್ನಿಸುತ್ತದೆ, ಅಲ್ಲವೇ? ಅಲ್ಲೇ ಎಡವಟ್ಟು. ಅದೇ ತಿಂಗಳು ಇನ್ನೊಂದು ಆರ್ಡರ್ ಬಂದಿತ್ತು. ಸ್ಟೀಲಿನ ಕುಂಕುಮ ಭರಣಿ, 60 ಪೀಸು, ಒಂದಕ್ಕೆ 85 ರೂಪಾಯಿ, ಕ್ಯಾಷ್ ಆನ್ ಡೆಲಿವರಿ, ಶಿರಸಿಯ ಕಡೆಯ ಒಂದು ಹಳ್ಳಿ. ಹೊಸ ನಂಬರು. ಮನೆ ನಂಬರಿಲ್ಲದ ವಿಳಾಸ. ನಮ್ಮ ಮರಾಠಿ ಹುಡುಗ ಅದಕ್ಕೂ ಕೆಂಪು ಗುರುತು ಹಾಕಿ ಇಟ್ಟಿದ್ದ.

ನಾನು ಫೋನು ಮಾಡಿ ಕನ್ನಡದಲ್ಲಿ ಮಾತಾಡಿಸಿದೆ. ಆ ಕಡೆ ಒಬ್ಬ ಹಿರಿಯರು. "ಹೌದ್ರೀ, ನಮ್ಮ ಮೊಮ್ಮಗಂದು ಉಪನಯನ ಉಂಟು. ಬಂದ ಹೆಂಗಸ್ರಿಗೆ ತಾಂಬೂಲದ ಸಂಗಡ ಕೊಡ್ಲಿಕ್ಕೆ. ಹದಿನೆಂಟನೇ ತಾರೀಕಿನ ಒಳಗೆ ಬರ್ತದಲ್ಲ?" ಎಂದು ಅವರೇ ನನ್ನನ್ನು ಕೇಳಿದರು. ಬಾಗಿಲಲ್ಲಿ ದುಡ್ಡು ತಪ್ಪದೆ ಬಂತು.

ಅರವತ್ತು ಭರಣಿ ಸಹಜ, ಮೂವತ್ತು ಕುಕ್ಕರು ಅಸಹಜ. ಸಂಖ್ಯೆಯಲ್ಲಿ ಮೊದಲನೆಯದು ಇಮ್ಮಡಿ, ಆದರೂ. ಯಾವ ವಸ್ತು ಎಷ್ಟು ಹೋಗುವುದು ವಾಡಿಕೆ ಎಂಬುದರ ಮೇಲೆ ಅಸಹಜತೆ ನಿಂತಿದೆ. ಭರಣಿ, ಸಣ್ಣ ಡಬ್ಬಿ, ಲೋಟ ಇವು ಡಜನ್ ಲೆಕ್ಕದಲ್ಲಿ ಹೋಗುವ ಸಾಮಾನು. ಮಿಕ್ಸಿ, ಕುಕ್ಕರು ಒಂದೋ ಎರಡೋ. ಪ್ರತಿ ವಸ್ತುವಿಗೂ ಹಿಂದಿನ ವರ್ಷದ ಆರ್ಡರು ನೋಡಿ ಅದರದೇ ಮಿತಿ ಇಡಬೇಕು. ಅದಕ್ಕೆ ಒಂದು ಮಧ್ಯಾಹ್ನದ ಕೆಲಸ ಸಾಕು. ಇನ್ನೊಂದು ಸೂಕ್ಷ್ಮವೂ ಇದೆ. ಹುಸಿ ಆರ್ಡರ್ ಮಾಡುವವನು ದಿನಾಂಕ ಕೇಳುವುದಿಲ್ಲ. ನಿಜಕ್ಕೂ ಬೇಕಾದವನ ಮೊದಲ ಚಿಂತೆಯೇ "ಯಾವಾಗ ಬರುತ್ತೆ" ಎಂಬುದು.

ಈ ಫೋನು ಮಾಡುವ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಇಂದು ಅಂಗಡಿಯವರು ಗ್ರಾಹಕನಿಗೆ ಫೋನು ಮಾಡಿದರೆ ಗ್ರಾಹಕನೇ ಅವರನ್ನು ಅನುಮಾನಿಸಬೇಕು, ಹಾಗಿದೆ ಕಾಲ. "ನಿಮ್ಮ ಆರ್ಡರ್ ತಡೆಹಿಡಿದಿದ್ದೇವೆ, ಓಟಿಪಿ ಹೇಳಿ" ಎನ್ನುವ ವಂಚಕರೂ ಇದ್ದಾರಲ್ಲ. ಅದಕ್ಕೇ ನಮ್ಮ ಹುಡುಗರಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಜಾಲತಾಣದಲ್ಲಿ ಪ್ರಕಟಿಸಿದ ನಂಬರಿನಿಂದಲೇ ಕರೆ ಮಾಡಬೇಕು. ಆರ್ಡರ್ ನಂಬರನ್ನು ನಾವೇ ಮೊದಲು ಹೇಳಬೇಕು. ಕಾರ್ಡಿನ ಅಂಕಿ, ಓಟಿಪಿ, ಯುಪಿಐ ಪಿನ್ ಯಾವುದನ್ನೂ ಕೇಳಕೂಡದು, ಕೇಳುವ ಅಗತ್ಯವೇ ಇಲ್ಲ. "ಏನು ತರಿಸುತ್ತಿದ್ದೀರಿ, ಯಾರಿಗೆ, ಹತ್ತಿರದ ಗುರುತು ಏನು" ಎಂದರೆ ಸಾಕು. ಅವರಿಗೆ ನಂಬಿಕೆ ಬಾರದಿದ್ದರೆ "ನೀವೇ ಜಾಲತಾಣದಲ್ಲಿರುವ ನಂಬರಿಗೆ ಫೋನು ಮಾಡಿ" ಎಂದು ಇಟ್ಟುಬಿಡಬೇಕು. ನೀವು ಗ್ರಾಹಕರಾಗಿದ್ದಾಗಲೂ ಇದನ್ನೇ ಅಳತೆಗೋಲು ಮಾಡಿಕೊಳ್ಳಿ. ಓಟಿಪಿ ಕೇಳಿದರೆ ಅದು ಅಂಗಡಿಯಲ್ಲ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ನಿಮ್ಮ ಬ್ಯಾಂಕಿಗೂ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೇಳಿ.

ಈಗ ನನ್ನ ಸಿಟ್ಟಿನ ವಿಷಯ. ಕೆಲವು ಅಂಗಡಿಗಳು ಇಷ್ಟೆಲ್ಲ ಕಷ್ಟ ಯಾಕೆ ಅಂತ ಇಡೀ ಪಿನ್‌ಕೋಡಿಗೇ ಕ್ಯಾಷ್ ಆನ್ ಡೆಲಿವರಿ ನಿಲ್ಲಿಸುತ್ತವೆ. "ಆ ಕಡೆಯಿಂದ ವಾಪಸ್ ಜಾಸ್ತಿ" ಎನ್ನುವುದು ಅವರ ಸಮರ್ಥನೆ. ವಾಪಸ್ ಯಾಕೆ ಜಾಸ್ತಿ ಎಂದು ನೋಡಿದ್ದೀರಾ ಸ್ವಾಮಿ? ನಾವು ಒಂದು ಸಲ ವಾಪಸ್ ಬಂದ ಪಾರ್ಸೆಲ್‌ಗಳ ಗ್ರಾಹಕರಿಗೆಲ್ಲ ಫೋನು ಮಾಡಿ ಕೇಳಿದೆವು. "ಯಾರೂ ಬಂದೇ ಇಲ್ಲ", "ಫೋನೂ ಬರಲಿಲ್ಲ" ಎಂದವರು ಕಡಿಮೆಯಿರಲಿಲ್ಲ. ದೂರದ ಹಳ್ಳಿಗೆ ಹೋಗಲು ಬೇಸರಪಟ್ಟ ಕೊರಿಯರ್ ಹುಡುಗ "ಗ್ರಾಹಕ ಸಿಗಲಿಲ್ಲ" ಎಂದು ಗುರುತು ಹಾಕಿ ವಾಪಸ್ ಕಳಿಸಿರುತ್ತಾನೆ. ಆ ಗುರುತು ಅಂಗಡಿಯ ಲೆಕ್ಕದಲ್ಲಿ ಗ್ರಾಹಕನ ತಪ್ಪಾಗಿ ಬೀಳುತ್ತದೆ. ಹತ್ತು ಹಾಗಾದರೆ ಇಡೀ ಊರಿನ ಹೆಸರು ಕೆಡುತ್ತದೆ. ಕಳ್ಳತನ ಮಾಡದ ಊರಿಗೆ ಕಳ್ಳರೂರೆಂಬ ಪಟ್ಟ!

ಇನ್ನು ಕೆಲವರು ಹೇಳದೆ ಕೇಳದೆ ರದ್ದು ಮಾಡುತ್ತಾರೆ. ನಮ್ಮ ಪರಿಚಯದ ಪುಣೆಯ ಒಬ್ಬರು ಊರಿನ ತಂದೆಗೆ ಬಿಸಿನೀರಿನ ಗೀಸರ್ ಕಳಿಸಲು ಹೋಗಿ, ಹಣ ಕಟ್ಟಿ, ನಾಲ್ಕನೇ ದಿನ "ನಿಮ್ಮ ಆರ್ಡರ್ ರದ್ದಾಗಿದೆ" ಎಂಬ ಒಂದು ಸಾಲಿನ ಮೆಸೇಜು ಪಡೆದರು. ಕಾರಣ ಇಲ್ಲ, ಕೇಳಲು ಮನುಷ್ಯರಿಲ್ಲ, ಹಣ ಬರಲು ಮತ್ತೆ ಒಂದು ವಾರ. ಮಗಳು ಪುಣೆಯಲ್ಲಿ, ತಂದೆ ಊರಲ್ಲಿ, ಇದೇ ಅವರ ಅಪರಾಧ. ಅಂಗಡಿಗೆ ಎಚ್ಚರ ಬೇಕು, ಒಪ್ಪಿದೆ. ಆದರೆ ತಡೆಹಿಡಿದದ್ದನ್ನು ಅಂದೇ ತಿಳಿಸುವುದು, ಏನು ಬೇಕೆಂದು ಕೇಳುವುದು, ಎರಡು ದಿನ ಕಾಯುವುದು, ರದ್ದು ಮಾಡಿದರೆ ಹಣವನ್ನು ಅದೇ ದಿನ ವಾಪಸ್ ಹಾಕುವುದು, ಇವಕ್ಕೆ ಎಷ್ಟು ಖರ್ಚು? ನಮ್ಮಲ್ಲಿ ಒಂದು ಫೋನಿಗೆ ನಾಲ್ಕೈದು ನಿಮಿಷ. ಕಳೆದುಹೋದ ಗ್ರಾಹಕನನ್ನು ಹಿಂದಕ್ಕೆ ತರಲು ಅದಕ್ಕಿಂತ ಹೆಚ್ಚು ಖರ್ಚಾಗುತ್ತದೆ.

ಎಲ್ಲ ವಂಚನೆಯೂ ಇದರಿಂದ ಸಿಕ್ಕಿಬೀಳುತ್ತದೆ ಎಂದು ನಾನು ಹೇಳುವುದಿಲ್ಲ. ಹೊಸ ಮಿಕ್ಸಿ ತರಿಸಿಕೊಂಡು ಹಳೆಯದನ್ನು ಡಬ್ಬದೊಳಗಿಟ್ಟು ವಾಪಸ್ ಕಳಿಸುವವನ ಆರ್ಡರಿನಲ್ಲಿ ಯಾವ ಕೆಂಪು ಗುರುತೂ ಇರುವುದಿಲ್ಲ. ವಿಳಾಸ ಸರಿ, ಕಾರ್ಡು ಸರಿ, ಪೀಸು ಒಂದೇ. ಅವನನ್ನು ಹಿಡಿಯುವುದು ವಾಪಸ್ ಬಂದ ಡಬ್ಬ ತೆರೆದು ಸೀರಿಯಲ್ ನಂಬರ್ ನೋಡುವವನು, ಆರ್ಡರ್ ನೋಡುವ ನಾನಲ್ಲ.

ಕೊನೆಗೆ ಊರಿಗೆ ಸಾಮಾನು ಕಳಿಸುವ ನಮ್ಮವರಿಗೆ ಎರಡು ಮಾತು. ತಲುಪಿಸುವ ವಿಳಾಸದ ಜೊತೆ ಅಲ್ಲಿ ಇರುವವರ ಫೋನ್ ನಂಬರನ್ನೇ ಹಾಕಿ. ನಿಮ್ಮ ಮುಂಬಯಿ ನಂಬರ್ ಹಾಕಿದರೆ ಕೊರಿಯರ್ ಹುಡುಗ ನಿಮಗೆ ಫೋನು ಮಾಡುತ್ತಾನೆ, ನೀವು ಮೀಟಿಂಗಿನಲ್ಲೋ ಟ್ರೇನಿನಲ್ಲೋ ಇರುತ್ತೀರಿ, ಪಾರ್ಸೆಲ್ ವಾಪಸ್. ಪಿನ್‌ಕೋಡನ್ನು ನೆನಪಿನಿಂದ ಬರೆಯಬೇಡಿ, ಊರಿನವರನ್ನೇ ಕೇಳಿ ಬರೆಯಿರಿ. ಅಲ್ಲಿನ ಒಂದು ಗುರುತನ್ನೂ ಸೇರಿಸಿ, ಗುಡಿಯೋ ಶಾಲೆಯೋ ಹಾಲಿನ ಡೈರಿಯೋ. ಇಷ್ಟಾದರೆ ನಿಮ್ಮ ಆರ್ಡರನ್ನು ನೋಡುವ ನನ್ನಂಥವನಿಗೆ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಉಳಿದರ್ಧಕ್ಕೆ ಫೋನು ಮಾಡುವುದು ಅಂಗಡಿಯವನ ಕರ್ತವ್ಯ. ಅದನ್ನು ಮಾಡದೆ ರದ್ದು ಮಾಡಿದವನಿಗೆ ಮುಂದಿನ ಆರ್ಡರ್ ಕೊಡದಿರುವುದು ನಿಮ್ಮ ಹಕ್ಕು.

ನಿಮಗೂ ಹೀಗೆ ಆರ್ಡರ್ ರದ್ದಾದ ಅನುಭವ ಇದ್ದರೆ, ಕಾರಣ ಏನು ಹೇಳಿದರು ಎಂಬುದನ್ನೂ ಸೇರಿಸಿ ಬರೆಯಿರಿ. ಆ ಕಡೆ ಮೇಜಿನಲ್ಲಿ ಏನು ನಡೆದಿರಬಹುದು ಎಂದು ನನಗೆ ತಿಳಿದಷ್ಟು ಹೇಳುತ್ತೇನೆ.